ಚಪ್ಪಟೆ ಜೀನ್ಸ್‌ಗೆ ಮೈ ತುಂಬಿಸುವುದು ಹೇಗೆ?

ಬಳ್ಳಾರಿಯ ಕೌಲ್ ಬಜಾರ್ ಕಡೆ ಹೊಲಿಗೆ ಯೂನಿಟ್ ಇಟ್ಟುಕೊಂಡಿರುವ ಒಬ್ಬರು ಹೋದ ತಿಂಗಳು ನನಗೆ ಒಂದು ಫೋಟೊ ತೋರಿಸಿದರು. 32 ಸೈಜಿನ ಕಡುನೀಲಿ ಸ್ಲಿಮ್ ಫಿಟ್ ಜೀನ್ಸ್. ಬಿಳಿ ಹಾಳೆ ಮೇಲೆ ಹಾಸಿ ತೆಗೆದ ಫೋಟೊದಿಂದ ಜೀನ್ಸ್ ಕತ್ತರಿಸಿ, ಒಂದು ಬೊಂಬೆಯ ಫೋಟೊ ಮೇಲೆ ಕೂರಿಸಿದ್ದರು. "ಅಣ್ಣಾ, ಹೊಲಿಗೆ ಇಷ್ಟ್ ಚೆನ್ನಾಗೈತಿ, ಫೋಟೊದಾಗ ಮಾತ್ರ ಯಾಕೋ ಹಲಗೆ ತೊಡಿಸಿದಂಗ ಕಾಣ್ತೈತಿ" ಅಂದರು. ಆನ್‌ಲೈನ್‌ನಲ್ಲಿ ಕೊಂಡವರೂ ಫೋಟೊ ನೋಡಿ 'ಲೂಸ್ ಪ್ಯಾಂಟ್' ಅಂದುಕೊಳ್ಳುತ್ತಿದ್ದರಂತೆ.

ಈ ತಪ್ಪನ್ನು ನಾನು ನಮ್ಮೂರಲ್ಲಿ ಎಷ್ಟೋ ಕಡೆ ನೋಡಿದ್ದೇನೆ. ಹುಡುಗರು ನೆರಳು ಹಾಕುತ್ತಾರೆ, ಬಣ್ಣ ತಿದ್ದುತ್ತಾರೆ, ಆದರೆ ಅಗಲವನ್ನು ಮುಟ್ಟುವುದೇ ಇಲ್ಲ. ಎಡವುವುದು ಅಲ್ಲೇ. ಹಾಗಾಗಿ ಅದೇ ಜೀನ್ಸ್ ಇಟ್ಟುಕೊಂಡು ಹೇಳುತ್ತೇನೆ. ನಾನು ಬಳಸುವುದು GIMP ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, ಹಳೆಯ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ.

ಎರಡು ಫೋಟೊ ಬೇಕು

ಒಂದು, ಹಾಸಿದ ಜೀನ್ಸ್‌ನದು. ನೇರ ಮೇಲಿನಿಂದ ತೆಗೆದಿರಬೇಕು, ಅಷ್ಟೆ. ಇನ್ನೊಂದು, ಬೊಂಬೆಯದು. ಇದನ್ನು ಹತ್ತು ಅಡಿ ದೂರ ನಿಂತು, ಕ್ಯಾಮೆರಾವನ್ನು ಬೊಂಬೆಯ ಸೊಂಟದ ಎತ್ತರಕ್ಕೆ ಇಟ್ಟು ತೆಗೆಯಿರಿ. ಈ ಎತ್ತರ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹೊಳೆಯುವ ಬಿಳಿ ಫೈಬರ್ ಬೊಂಬೆ ಮಾತ್ರ ಬೇಡ. ಬಿಳಿ ಹಿನ್ನೆಲೆಯಲ್ಲಿ ಅದರ ಅಂಚೇ ಕಾಣುವುದಿಲ್ಲ. ಮೈಮೇಲೆ ಟ್ಯೂಬ್‌ಲೈಟ್ ಗೆರೆ ಬೇರೆ ಹೊಳೆಯುತ್ತದೆ. ಇರುವ ಬೊಂಬೆಗೇ ಹೊಳಪಿಲ್ಲದ ಬೂದು ಪೇಂಟ್ ಹೊಡೆಸಿ.

ಕತ್ತರಿಸುವುದು

ಮ್ಯಾಜಿಕ್ ಬಟನ್ ಒತ್ತಿದರೆ ಹಿನ್ನೆಲೆ ಹೋಗುತ್ತದೆ ಅನ್ನುವ ಮೊಬೈಲ್ ಆ್ಯಪ್‌ಗಳನ್ನು ಜೀನ್ಸ್‌ಗೆ ನಂಬಬೇಡಿ. ಐಸ್ ವಾಶ್ ಆದ ತಿಳಿ ಭಾಗ, ಹರಿದ ಡಿಸೈನಿನ ಬಿಳಿ ದಾರ, ಜೇಬಿನ ಒಳಬಟ್ಟೆ, ಎಲ್ಲವನ್ನೂ ಹಿನ್ನೆಲೆ ಅಂದುಕೊಂಡು ತಿಂದುಬಿಡುತ್ತವೆ. Paths ತೆಗೆದುಕೊಂಡು ಕೈಯಾರೆ ಸುತ್ತ ಗೆರೆ ಎಳೆಯಿರಿ. ಆಯ್ಕೆ ಮಾಡಿದ ಮೇಲೆ Select ಒಳಗೆ Shrink ಕೊಟ್ಟು 2 ಪಿಕ್ಸೆಲ್ ಒಳಕ್ಕೆ ಎಳೆದುಕೊಂಡರೆ ಅಂಚಿನ ಬಿಳಿ ಗೆರೆ ಹೋಗುತ್ತದೆ. ಎಡಗಾಲು, ಬಲಗಾಲು, ಸೊಂಟದ ಭಾಗ, ಮೂರನ್ನೂ ಬೇರೆ ಬೇರೆ ಲೇಯರ್ ಮಾಡಿ. ಹಾಸಿದಾಗ ಎರಡು ಕಾಲೂ ಅಂಟಿಕೊಂಡಿರುತ್ತವೆ. ಬೊಂಬೆಯಲ್ಲಿ ನಡುವೆ ಸಂದು ಇರಬೇಕು.

ಅಗಲ ಇಳಿಸುವುದು: ಇಲ್ಲಿ ನಿಧಾನವಾಗಿ

ಒಂದು ಇಂಚಿಗೆ 100 ಪಿಕ್ಸೆಲ್ ಬರುವಂತೆ ಫೋಟೊವನ್ನು ಅಳತೆಗೆ ತಂದುಕೊಳ್ಳಿ. ಆಮೇಲಿನ ಲೆಕ್ಕವೆಲ್ಲ ಟೇಪಿನಲ್ಲಿ ಅಳೆದ ಹಾಗೆ ಸುಲಭ. ಬೊಂಬೆಯ ಫೋಟೊವೂ ಅದೇ ಅಳತೆಗೆ ಬರಲಿ.

32 ಸುತ್ತಳತೆಯ ಸೊಂಟ ಹಾಸಿದಾಗ 16 ಇಂಚು ಅಗಲ, ಅಂದರೆ 1600 ಪಿಕ್ಸೆಲ್. ಆದರೆ ಅದೇ ಸೊಂಟ ಮೈಮೇಲೆ ಏರಿದಾಗ ಎದುರಿನಿಂದ 16 ಇಂಚು ಕಾಣುವುದಿಲ್ಲ, ಅಲ್ವಾ? ಬಟ್ಟೆ ಪಕ್ಕಕ್ಕೆ ತಿರುಗಿ ಹಿಂದಕ್ಕೆ ಹೋಗಿರುತ್ತದೆ. ಸೊಂಟ ಪೂರ್ತಿ ದುಂಡಗಿಲ್ಲ, ಮೊಟ್ಟೆಯ ಹಾಗೆ ಅಗಲ ಜಾಸ್ತಿ, ದಪ್ಪ ಕಡಿಮೆ. ಹಾಗಾಗಿ ಎದುರಿಗೆ ಕಾಣುವುದು ಸುಮಾರು 12 ಇಂಚು. 1600 ಪಿಕ್ಸೆಲ್ 1200ಕ್ಕೆ ಇಳಿಯಬೇಕು. ಆ ಯೂನಿಟ್‌ನವರ ಫೋಟೊದಲ್ಲಿ 1600 ಹಾಗೇ ಉಳಿದಿತ್ತು. ಬೊಂಬೆಯ ಎರಡೂ ಪಕ್ಕದಲ್ಲಿ ಎರಡೆರಡು ಇಂಚು ಬಟ್ಟೆ ಗಾಳಿಯಲ್ಲಿ ನಿಂತಿತ್ತು.

ತೊಡೆ ಸೊಂಟಕ್ಕಿಂತ ದುಂಡಗೆ, ಆದ್ದರಿಂದ ಇನ್ನೂ ಜಾಸ್ತಿ ಇಳಿಯುತ್ತದೆ. ಈ ಜೀನ್ಸ್‌ನ ತೊಡೆ ಹಾಸಿದಾಗ 11 ಇಂಚು. ಪೂರ್ತಿ ದುಂಡಾದರೆ 7 ಇಂಚು ಕಾಣಬೇಕು. ಬಟ್ಟೆ ಮೈಗೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ನಾನು 8ರ ಹತ್ತಿರ ಇಡುತ್ತೇನೆ. ಬಾಟಮ್ ಹಾಸಿದಾಗ 7, ತೊಟ್ಟಾಗ ಐದೂವರೆ.

ಈಗ ಬಹಳ ಜನ ಇನ್ನೊಂದು ತಪ್ಪು ಮಾಡುತ್ತಾರೆ. ಅಗಲ ಕಡಿಮೆ ಆಗಬೇಕು ಅಂದ ತಕ್ಷಣ ಇಡೀ ಕಾಲನ್ನು ಎರಡೂ ಕಡೆಯಿಂದ ಒತ್ತಿಬಿಡುತ್ತಾರೆ. ಆಗ ಜೇಬು, ಬಟನ್, ಹೊಲಿಗೆ ಎಲ್ಲ ಉದ್ದುದ್ದ ಆಗುತ್ತವೆ. ಮೈ ಮಾತ್ರ ತುಂಬುವುದಿಲ್ಲ.

ಮನೆಯಲ್ಲೇ ನೋಡಿ ತಿಳಿಯಿರಿ. ಒಂದು ಹಾಳೆಯ ಮೇಲೆ ಸಮ ಅಂತರದಲ್ಲಿ ಉದ್ದ ಗೆರೆ ಎಳೆದು ನೀರಿನ ಬಾಟಲಿಗೆ ಸುತ್ತಿ. ಎದುರಿನಿಂದ ನೋಡಿದರೆ ನಡುವಿನ ಗೆರೆಗಳು ಹಾಗೇ ಇರುತ್ತವೆ. ಅಂಚಿಗೆ ಹೋದಂತೆ ಒತ್ತೊತ್ತಾಗಿ ಸೇರುತ್ತವೆ. ತೊಡೆಯಲ್ಲೂ ಇದೇ ಲೆಕ್ಕ. 11 ಇಂಚನ್ನು ಆರು ಸಮ ಪಟ್ಟಿ ಮಾಡಿದರೆ ಒಂದೊಂದೂ 1.8 ಇಂಚು ಚಿಲ್ಲರೆ. ಪೂರ್ತಿ ದುಂಡಗಿನ ಕಾಲಿನಲ್ಲಿ ನಡುವಿನ ಎರಡು ಪಟ್ಟಿ 1.75 ಇಂಚು ಕಾಣುತ್ತವೆ, ಅಂದರೆ ಹೆಚ್ಚೂ ಕಡಿಮೆ ಹಾಗೇ. ಅದರ ಪಕ್ಕದವು 1.28. ಕೊನೆಯ ಅಂಚಿನವು ಅರ್ಧ ಇಂಚೂ ಇಲ್ಲ, ಮೊದಲಿದ್ದದ್ದರ ನಾಲ್ಕರಲ್ಲಿ ಒಂದು ಭಾಗ ಅಷ್ಟೆ. ನಡುವನ್ನು ಬಿಡಬೇಕು, ಅಂಚನ್ನು ಒತ್ತಬೇಕು. ಕಣ್ಣು 'ದುಂಡಗಿದೆ' ಅಂತ ಓದಿಕೊಳ್ಳುವುದು ಇದರಿಂದಲೇ.

GIMPನಲ್ಲಿ ಇದಕ್ಕೆ Warp Transform ಇದೆ, W ಕೀ ಒತ್ತಿದರೆ ಬರುತ್ತದೆ. Move pixels ಆರಿಸಿ. ಬ್ರಷ್ ದೊಡ್ಡದಿರಲಿ, 500ರಿಂದ 600. Strength 30ರ ಆಸುಪಾಸು ಸಾಕು. ರೂಲರ್‌ನಿಂದ ಎರಡು ಗೈಡ್ ಗೆರೆ ಎಳೆದು ತೊಡೆಯ 8 ಇಂಚಿನ ಗಡಿ ಗುರುತು ಮಾಡಿಕೊಳ್ಳಿ. ಆಮೇಲೆ ಪಕ್ಕದ ಹೊಲಿಗೆಯ ಹೊರಗಿನಿಂದ ಬ್ರಷ್ ಒಳಕ್ಕೆ ತಳ್ಳಿ. ಒಂದೇ ಸಲ ಜೋರಾಗಿ ಬೇಡ. ಮೇಲಿನಿಂದ ಕೆಳಕ್ಕೆ ಸಣ್ಣ ಸಣ್ಣದಾಗಿ, ಇಪ್ಪತ್ತು ಮೂವತ್ತು ಸಲ. ಬ್ರಷ್‌ನ ಅಂಚು ಕಾಲಿನ ನಡುಗೆರೆಯನ್ನು ಮುಟ್ಟಬಾರದು. ಕೆಳಗೆ ಬಂದಂತೆ ಕಾಲು ಸಣ್ಣದಾಗುತ್ತದೆ, ಬ್ರಷ್ ಕೂಡ ಚಿಕ್ಕದು ಮಾಡಿಕೊಳ್ಳಿ. ಮುಗಿದಾಗ Enter ಒತ್ತಲು ಮರೆಯಬೇಡಿ. ಬೇರೆ ಟೂಲ್‌ಗೆ ಹೋಗುವ ಮೊದಲು ಅದು ಖಾತ್ರಿ ಆಗಲಿ.

ಸರಿಯಾಗಿದೆಯೋ ಇಲ್ಲವೋ ಅನ್ನುವುದನ್ನು ಜೀನ್ಸೇ ಹೇಳುತ್ತದೆ. ಶೇಕಡಾ ಇನ್ನೂರಕ್ಕೆ ದೊಡ್ಡದು ಮಾಡಿ ಸೊಂಟದ ಬಟನ್ ನೋಡಿ. ಅದು ನಡುವೆ ಇರುವುದು, ದುಂಡಗೇ ಇರಬೇಕು. ಮೊಟ್ಟೆಯಾಗಿದ್ದರೆ ನಡುವನ್ನು ಒತ್ತಿದ್ದೀರಿ. ಜೇಬಿನ ತುದಿಯ ತಾಮ್ರದ ರಿವೆಟ್ ನೋಡಿ. ಪಕ್ಕದ ಹೊಲಿಗೆ ಹತ್ತಿರದ ರಿವೆಟ್ ಮೊಟ್ಟೆಯಾದರೆ ಸರಿಯೇ, ಅದು ನಿಜಕ್ಕೂ ಓರೆಯಾಗಿ ಕಾಣುವ ಜಾಗ. ಆಮೇಲೆ ಜಿಪ್ ಪಟ್ಟಿಯ ಜೋಡಿ ಹಳದಿ ಹೊಲಿಗೆ. ಎರಡು ದಾರದ ನಡುವಿನ ಅಂತರ ಮೇಲಿಂದ ಕೆಳಗೆ ಒಂದೇ ಇರಬೇಕು. ಎಲ್ಲಾದರೂ ಹಾವಿನಂತೆ ಬಳುಕಿದ್ದರೆ Erase warping ಆರಿಸಿ ಅಷ್ಟು ಜಾಗವನ್ನು ಒರೆಸಿ. ಆದರೆ ಇದನ್ನು Enter ಒತ್ತುವ ಮೊದಲೇ ಮಾಡಬೇಕು.

ಸೈಜ್ ಸುಳ್ಳಾಗುವಷ್ಟು ಮಾತ್ರ ಒತ್ತಬೇಡಿ. ಸ್ಲಿಮ್ ಫಿಟ್ಟನ್ನು ಸ್ಕಿನ್ನಿ ಥರ ತೋರಿಸಿದರೆ ಕೊಂಡವರು ವಾಪಸ್ ಕಳಿಸುತ್ತಾರೆ. ಹಾಗೆ ಕಳಿಸುವುದು ಅವರ ಹಕ್ಕು.

ಗೆರೆಗಳಿಗೆ ಬಾಗು

ಕ್ಯಾಮೆರಾ ಸೊಂಟದ ಎತ್ತರಕ್ಕೆ ಇಡಿ ಅಂದದ್ದು ಇದಕ್ಕೇ. ಆ ಎತ್ತರದಲ್ಲಿ ಸೊಂಟಪಟ್ಟಿ ಹೆಚ್ಚೂ ಕಡಿಮೆ ನೇರ ಕಾಣುತ್ತದೆ. ಜೀನ್ಸ್‌ನ ಮುಂಭಾಗ ಹಿಂಭಾಗಕ್ಕಿಂತ ತಗ್ಗಾಗಿ ಹೊಲಿದಿರುವುದರಿಂದ ನಡುವೆ ಸ್ವಲ್ಪ ಜೋಲುತ್ತದೆ, ಅಷ್ಟೆ. ಬಾಟಮ್ ಮಾತ್ರ ಕ್ಯಾಮೆರಾಕ್ಕಿಂತ 40 ಇಂಚು ಕೆಳಗೆ ಇದೆ. ಅದನ್ನು ಮೇಲಿನಿಂದ ನೋಡಿದ ಹಾಗಾಗುತ್ತದೆ. ಹತ್ತು ಅಡಿ ದೂರದಿಂದ ನೋಡಿದಾಗ ಬಾಟಮ್ ನಡುವೆ ಸುಮಾರು ಮುಕ್ಕಾಲು ಇಂಚು ಕೆಳಕ್ಕೆ ಬಾಗಿ ಕಾಣಬೇಕು, ಅಂದರೆ 75 ಪಿಕ್ಸೆಲ್. ಅದೇ Warp ಟೂಲ್‌ನಿಂದ ನಡುವನ್ನು ಕೆಳಕ್ಕೆ ಎಳೆಯಿರಿ. ಬಾಟಮ್ ಮಡಿಚಿ ಹೊಲಿದ ಗೆರೆಯೂ ಜೊತೆಗೇ ಬಾಗಲಿ. ಸ್ಕೇಲ್ ಇಟ್ಟು ಎಳೆದಂತೆ ನೇರ ಬಾಟಮ್ ಇರುವ ಫೋಟೊ ನೋಡಿದರೆ ಅಂಟಿಸಿದ್ದು ಅಂತ ತಕ್ಷಣ ಗೊತ್ತಾಗುತ್ತದೆ.

ನೆರಳು

ಹಾಸಿದ ಬಟ್ಟೆಯಲ್ಲಿ ನೆರಳೇ ಇರುವುದಿಲ್ಲ. ಅದನ್ನು ಬ್ರಷ್‌ನಿಂದ ಬರೆಯಲು ಹೋಗುವವರೇ ಜಾಸ್ತಿ. ನನ್ನ ಮಾತು ಕೇಳಿ, ಬರೆಯಬೇಡಿ. ಅದೇ ಫಿಟ್ಟಿನ, ಅದೇ ಸೈಜಿನ ಒಂದು ಪ್ಯಾಂಟನ್ನು ತಿಳಿಬೂದು ಬಟ್ಟೆಯಲ್ಲಿ ಹೊಲಿಸಿ. ಯೂನಿಟ್‌ನಲ್ಲಿ ಅದೇನು ಕಷ್ಟದ ಕೆಲಸವಲ್ಲ. ಅದನ್ನು ಬೊಂಬೆಗೆ ತೊಡಿಸಿ, ಎಡಗಡೆ ಕಿಟಕಿಯ ಬೆಳಕಿನಲ್ಲಿ, ಬೊಂಬೆ ಜರುಗದ ಹಾಗೆ ಒಂದು ಫೋಟೊ ತೆಗೆಯಿರಿ. ಕಾಲು ಕೂಡುವ ಜಾಗದಿಂದ ಹೊರಡುವ ಸುಕ್ಕು, ಮಂಡಿಯ ಬಳಿಯ ಎಳೆತ, ಬಾಟಮ್ ಹತ್ತಿರದ ಮಡಿಕೆ, ಎಲ್ಲವೂ ಅದರಲ್ಲಿ ನಿಜವಾಗಿ ಸಿಗುತ್ತವೆ.

ಆ ಫೋಟೊದಿಂದ ಪ್ಯಾಂಟನ್ನು ಮಾತ್ರ ಕತ್ತರಿಸಿಕೊಂಡು ಕಪ್ಪು ಬಿಳುಪು ಮಾಡಿ. Levels ತೆರೆದು ಬಲಗಡೆಯ ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆದು, ಚೆನ್ನಾಗಿ ಬೆಳಕು ಬಿದ್ದ ಜಾಗ ಪೂರ್ತಿ ಬಿಳಿ ಆಗುವಂತೆ ಮಾಡಿ. ಈಗ ಅದನ್ನು ಜೀನ್ಸ್ ಲೇಯರ್ ಮೇಲೆ ಇಟ್ಟು ಮೋಡ್ Multiply ಮಾಡಿ. ಬಿಳಿ ಇದ್ದಲ್ಲಿ ಜೀನ್ಸ್ ಹಾಗೇ ಉಳಿಯುತ್ತದೆ, ಬೂದು ಇದ್ದಲ್ಲಿ ಕಪ್ಪಾಗುತ್ತದೆ. Opacity 50ರಿಂದ ಶುರು ಮಾಡಿ. ವಾಶ್‌ನಲ್ಲೇ ತೊಡೆಯ ಮೇಲೆ ಮೀಸೆಯ ಹಾಗೆ ಸುಕ್ಕಿನ ಗೆರೆ ಬಂದಿರುವ ಜೀನ್ಸ್ ಆದರೆ ಅಲ್ಲಿ ಮಾಸ್ಕ್ ಹಾಕಿ ನೆರಳು ಕಡಿಮೆ ಮಾಡಿ. ಇಲ್ಲವಾದರೆ ಎರಡು ಥರದ ಸುಕ್ಕು ಒಂದರ ಮೇಲೊಂದು ಬಿದ್ದು ಕೊಳಕು ಕಾಣುತ್ತದೆ.

ಸುಕ್ಕು ಆಳವಾಗಿ ಹಾದುಹೋಗುವ ಕಡೆ ಹೊಲಿಗೆಯೂ ಒಂಚೂರು ಮುರಿಯಬೇಕು. ನೆರಳಿನ ಕೆಳಗೆ ಹಳದಿ ದಾರ ನೆಟ್ಟಗೆ ಓಡುತ್ತಿದ್ದರೆ ನೆರಳು ಬಟ್ಟೆಯದ್ದಲ್ಲ, ಮೇಲೆ ಬಿದ್ದ ಕಲೆ ಅನ್ನಿಸುತ್ತದೆ. 60 ಪಿಕ್ಸೆಲ್‌ನ ಬ್ರಷ್‌ನಲ್ಲಿ Warp ಟೂಲ್ ಬಳಸಿ ಜೀನ್ಸ್ ಲೇಯರನ್ನು ಅಲ್ಲಿ ನಾಲ್ಕೈದು ಪಿಕ್ಸೆಲ್ ಸರಿಸಿದರೆ ಸಾಕು.

ಕೊನೆಗೆ ಬೊಂಬೆಯ ಮೇಲೆ ಬೀಳುವ ನೆರಳು. ಬಾಟಮ್ ಕೆಳಗೆ ಕಾಲಿನ ಮೇಲೆ, ಸೊಂಟಪಟ್ಟಿಯ ಪಕ್ಕ ಹೊಟ್ಟೆಯ ಮೇಲೆ, ತೆಳುವಾಗಿ ಒಂದು ಗೆರೆ. ಜೀನ್ಸ್ ಕೆಳಗಿನ ಲೇಯರ್‌ನಲ್ಲಿ ಎಳೆದು Gaussian Blur 12 ಕೊಡಿ. ಅಚ್ಚ ಕಪ್ಪು ಬೇಡ, ಬೊಂಬೆಯದೇ ಬೂದು ಬಣ್ಣವನ್ನು ಕಡು ಮಾಡಿಕೊಳ್ಳಿ.

ಫೈಲನ್ನು ಲೇಯರ್ ಸಮೇತ XCF ಆಗಿ ಉಳಿಸಿ, ಆಮೇಲೆ JPEG ತೆಗೆಯಿರಿ. ಮೊದಲ ಫೋಟೊದಲ್ಲಿ ಬೊಂಬೆ ಕಾಣಬಾರದು ಅನ್ನುವ ಮಾರಾಟದ ಸೈಟ್‌ಗಳೂ ಇವೆ. ಅವಕ್ಕೆ ಬೊಂಬೆಯ ಲೇಯರ್ ಮತ್ತು ಅದರ ಮೇಲಿನ ನೆರಳನ್ನು ಮುಚ್ಚಿ ಇನ್ನೊಂದು ಪ್ರತಿ ಮಾಡಿ. ಆಗ ಸೊಂಟದೊಳಗೆ ಖಾಲಿ ಕಾಣದಿರಲು ಹಿಂಭಾಗದ ಒಳಪಟ್ಟಿ ಬೇಕಾಗುತ್ತದೆ. ಹಾಸಿದ ಜೀನ್ಸ್‌ನ ಮುಂದಿನ ಪಟ್ಟಿಯನ್ನು ಕೆಳಕ್ಕೆ ಮಡಿಚಿ, ಲೇಬಲ್ ಕಾಣುವಂತೆ ಅದರದೂ ಒಂದು ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ.

ಅದೇ ಫಿಟ್ಟಿನ ಮುಂದಿನ ವಾಶ್ ಬಂದಾಗ ಒತ್ತುವ ಕೆಲಸವನ್ನು ಮತ್ತೆ ಮಾಡಲೇಬೇಕು. ನೆರಳಿನ ಲೇಯರ್ ಮಾತ್ರ ಹಾಗೇ ಬಳಸಬಹುದು. ಯೂನಿಟ್‌ನವರ ಕಡುನೀಲಿ ಜೀನ್ಸ್‌ಗೆ ನನಗೆ ಎರಡು ಗಂಟೆ ಹಿಡಿಯಿತು. ಅದೇ ಕಟ್ಟಿಂಗ್‌ನ ಬೂದು ವಾಶ್‌ಗೆ ಐವತ್ತು ನಿಮಿಷ ಸಾಕಾಯಿತು.