ಬೋರಿನ ನೀರಿಗೆ ಸುಣ್ಣ ಹಾಕಿದರೆ ಫ್ಲೋರೈಡ್ ತಳಕ್ಕೆ ಕೂರುತ್ತದೆಯೇ?

ಯಾದಗಿರಿ ಜಿಲ್ಲೆಯ ಪಿಯು ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತೇನೆ. ವಿಲೇಯತಾ ಗುಣಲಬ್ಧದ ಪಾಠವನ್ನು ಬಹಳ ವರ್ಷ ಸಿಲ್ವರ್ ಕ್ಲೋರೈಡ್‌ನಿಂದಲೇ ಶುರು ಮಾಡುತ್ತಿದ್ದೆ. ಈಗ ಕ್ಯಾಲ್ಸಿಯಂ ಫ್ಲೋರೈಡ್‌ನಿಂದ ಶುರು ಮಾಡುತ್ತೇನೆ. ಅದಕ್ಕೆ ಕಾರಣ ಒಬ್ಬ ಹುಡುಗಿ ತಂದ ನೀರಿನ ಬಾಟಲಿ.

ಅವಳ ಊರಿನ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿದ್ದರು. ವರದಿಯಲ್ಲಿ ಲೀಟರಿಗೆ ಫ್ಲೋರೈಡ್ 6 ಮಿಲಿಗ್ರಾಂ, ಕ್ಯಾಲ್ಸಿಯಂ 12 ಮಿಲಿಗ್ರಾಂ ಎಂದಿತ್ತು. ಕುಡಿಯುವ ನೀರಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸೈ. ಅವಳ ಪ್ರಶ್ನೆ ನೇರವಾಗಿತ್ತು: "ಸರ್, ಕ್ಯಾಲ್ಸಿಯಂ ಫ್ಲೋರೈಡ್ ನೀರಾಗ ಕರಗಂಗಿಲ್ಲ ಅಂದ್ರಿ. ಹಂಗಾದ್ರ ಈ ನೀರಿಗಿ ಸುಣ್ಣ ಹಾಕಿದ್ರ ಫ್ಲೋರೈಡ್ ತಳಕ್ಕ ಕುಂದರತದೇನ್ರಿ?"

ಅವತ್ತು ನಾನು ಲೆಕ್ಕ ಮಾಡದೆಯೇ "ಕುಂದರತದವ್ವ, ಮಾಡಿ ನೋಡೋಣು" ಅಂದುಬಿಟ್ಟೆ. ಮರುದಿನ ಲ್ಯಾಬಿನಲ್ಲಿ ಸುಣ್ಣದ ತಿಳಿ ನೀರನ್ನು ಬೀಕರಿಗೆ ಹಾಕಿದ ಕೂಡಲೇ ಹಾಲು ಕದಡಿದಂತೆ ಬೆಳ್ಳಗಾಯಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆದರೆ ನನಗೆ ಅನುಮಾನ ಬಂತು. 6 ಮಿಲಿಗ್ರಾಂ ಫ್ಲೋರೈಡ್ ಪೂರ್ತಿ ಹೊರಬಂದರೂ ಲೀಟರಿಗೆ 12 ಮಿಲಿಗ್ರಾಂ ಕ್ಯಾಲ್ಸಿಯಂ ಫ್ಲೋರೈಡ್ ಆದೀತು, ಅಷ್ಟೇ. ನಮ್ಮ ಸಣ್ಣ ಬೀಕರಿನಲ್ಲಿ ಅದು ಚಿಟಿಕೆಗೂ ಸಿಗದಷ್ಟು. ಇಷ್ಟು ಗಟ್ಟಿ ಬಿಳುಪು ಎಲ್ಲಿಂದ ಬಂತು?

ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಬಸಿದು, ತಳದ ಗಸಿಗೆ ನಾಲ್ಕು ಹನಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆವು. ಬುರುಬುರು ಗುಳ್ಳೆ ಎದ್ದು ಗಸಿ ಕರಗಿಹೋಯಿತು. ಅದು ಕ್ಯಾಲ್ಸಿಯಂ ಕಾರ್ಬೋನೇಟ್. ಫ್ಲೋರೈಡ್ ಗಸಿಗೆ ಆಮ್ಲ ತಾಗಿದರೆ ಗುಳ್ಳೆ ಬರುವುದಿಲ್ಲ. ಬೋರಿನ ನೀರಲ್ಲಿ ಬೈಕಾರ್ಬೋನೇಟ್ ಹೇರಳ. ಸುಣ್ಣ ಬಿದ್ದರೆ ಮೊದಲು ಕಾಣುವುದು ಆ ಕಾರ್ಬೋನೇಟೇ. ಬೆಳ್ಳಗಾಯಿತು ಎಂಬುದರಿಂದ ಏನೋ ಒಂದು ಅವಕ್ಷೇಪ ಬಂತು ಎಂದಷ್ಟೇ ತಿಳಿಯುತ್ತದೆ, ಯಾವುದು ಎಂದು ತಿಳಿಯುವುದಿಲ್ಲ.

ಆಮೇಲೆ ಬೋರ್ಡಿನ ಮುಂದೆ ನಿಂತು, ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆವು.

ಮೊದಲ ತೊಡಕು ವಿಲೇಯತಾ ಗುಣಲಬ್ಧದ, ಅಂದರೆ Kspಯ ಬೆಲೆಯಲ್ಲೇ ಬಂತು. ಒಂದು ಪಠ್ಯದ ಕೋಷ್ಟಕದಲ್ಲಿ ಕ್ಯಾಲ್ಸಿಯಂ ಫ್ಲೋರೈಡ್‌ಗೆ 5.3 × 10⁻⁹ ಇತ್ತು, ಇನ್ನೊಂದರಲ್ಲಿ 3.5 × 10⁻¹¹. ನೂರೈವತ್ತು ಪಟ್ಟು ಅಂತರ! ಯಾವುದನ್ನು ನಂಬುವುದು? ಶುದ್ಧ ನೀರಲ್ಲಿ ಇದು ಎಷ್ಟು ಕರಗುತ್ತದೆ ಎಂದು ಅಳೆದ ಬೆಲೆ ನನಗೆ ಗೊತ್ತಿತ್ತು: ಲೀಟರಿಗೆ ಸುಮಾರು 16 ಮಿಲಿಗ್ರಾಂ. ವಿಲೇಯತೆ s ಆದರೆ ಕ್ಯಾಲ್ಸಿಯಂ s, ಫ್ಲೋರೈಡ್ 2s.

```
Ksp = [Ca²⁺][F⁻]² = s × (2s)² = 4s³
s³ = 3.5 × 10⁻¹¹ / 4,  s = 2.06 × 10⁻⁴
```

ಇದನ್ನು ಅಣುತೂಕ 78ರಿಂದ ಗುಣಿಸಿದರೆ 16 ಮಿಲಿಗ್ರಾಂ. ಸರಿ ಕೂತಿತು. ಇನ್ನೊಂದು ಬೆಲೆ ಹಾಕಿದರೆ 86 ಮಿಲಿಗ್ರಾಂ ಬರುತ್ತದೆ, ಅಳತೆಗೆ ಎಲ್ಲೂ ಹೊಂದುವುದಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟ ಬೆಲೆಯನ್ನೇ ಬಳಸಬೇಕು, ಅದು ಬೇರೆ ಮಾತು. ಕುಡಿಯುವ ನೀರಿನ ಲೆಕ್ಕಕ್ಕೆ ನಾವು 3.5 × 10⁻¹¹ ಇಟ್ಟುಕೊಂಡೆವು.

ಈಗ ಆ ಬೋರಿನ ನೀರು. ಕ್ಯಾಲ್ಸಿಯಂ 12 ಮಿಲಿಗ್ರಾಂ ಅಂದರೆ 40ರಿಂದ ಭಾಗಿಸಿ 3.0 × 10⁻⁴ ಮೋಲ್. ಫ್ಲೋರೈಡ್ 6 ಮಿಲಿಗ್ರಾಂ ಅಂದರೆ 19ರಿಂದ ಭಾಗಿಸಿ 3.16 × 10⁻⁴ ಮೋಲ್. ಇವೆರಡರಿಂದ ಅಯಾನು ಗುಣಲಬ್ಧ Q ತೆಗೆಯಬೇಕು. ಇಲ್ಲಿ ಅರ್ಧ ತರಗತಿ ಫ್ಲೋರೈಡನ್ನು ಎರಡರಿಂದ ಗುಣಿಸಿ ಆಮೇಲೆ ವರ್ಗ ಮಾಡಿತ್ತು. ಆ ಎರಡು ಬಂದದ್ದು ಲವಣವೇ ಶುದ್ಧ ನೀರಲ್ಲಿ ಕರಗಿದಾಗ. ಇಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ವರದಿಯೇ ಹೇಳಿದೆ. ಅದನ್ನು ಹಾಗೇ ವರ್ಗ ಮಾಡಬೇಕು. "ಅಳದು ಕೊಟ್ಟಾರ, ಮತ್ಯಾಕ ಎರಡು ಪಟ್ಟು ಮಾಡತೀರಿ?" ಎಂದು ಕೇಳಿದರೆ ತಪ್ಪು ಅವರಿಗೇ ಕಾಣುತ್ತದೆ.

```
Q = (3.0 × 10⁻⁴)(3.16 × 10⁻⁴)² = 3.0 × 10⁻¹¹
```

Q Kspಯನ್ನು ದಾಟಿದರೆ ಮಾತ್ರ ಅವಕ್ಷೇಪ ಬೀಳುತ್ತದೆ. ಇಲ್ಲಿ Ksp 3.5, Q 3.0. ನೆಲದೊಳಗಿನ ನೀರು ಆಗಲೇ ಕ್ಯಾಲ್ಸಿಯಂ ಫ್ಲೋರೈಡ್‌ನಿಂದ ತುಂಬಿಬರುವ ಅಂಚಿನಲ್ಲಿತ್ತು! ಇದನ್ನು ನೋಡಿ ನಾನೇ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ನಮ್ಮ ಯಾದಗಿರಿಯ ಗ್ರಾನೈಟ್ ನೆಲದಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ, ನೀರಲ್ಲಿ ಕ್ಯಾಲ್ಸಿಯಂ ಕಡಿಮೆಯಾದಲ್ಲಿ ಫ್ಲೋರೈಡ್ ಮೇಲೇರುವುದಕ್ಕೆ ತಡೆ ಇರುವುದಿಲ್ಲ. ಅತ್ತ ಶಹಾಬಾದ್, ಸೇಡಂ ಕಡೆ ನೆಲವೇ ಸುಣ್ಣಗಲ್ಲು. ಅಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ 80 ಮಿಲಿಗ್ರಾಂ ಇದೆ ಎಂದಿಟ್ಟುಕೊಂಡರೆ, ಅಂದರೆ 2.0 × 10⁻³ ಮೋಲ್, ಅದರಲ್ಲಿ ಫ್ಲೋರೈಡ್ ಎಷ್ಟರ ಮಟ್ಟಿಗೆ ಉಳಿಯಬಲ್ಲದು?

```
[F⁻]² = 3.5 × 10⁻¹¹ / 2.0 × 10⁻³
[F⁻] = 1.32 × 10⁻⁴ ಮೋಲ್ = 2.5 ಮಿಲಿಗ್ರಾಂ
```

ಶುದ್ಧ ನೀರಲ್ಲಿ ಇದೇ ಲವಣ ಕರಗಿದರೆ ಫ್ಲೋರೈಡ್ 7.8 ಮಿಲಿಗ್ರಾಂ ಆಗುತ್ತದೆ. ಕ್ಯಾಲ್ಸಿಯಂ ಮೊದಲೇ ಇದ್ದಲ್ಲಿ 2.5ಕ್ಕೆ ನಿಲ್ಲುತ್ತದೆ. ಸಮಾನ ಅಯಾನು ಪರಿಣಾಮ ಅಂದರೆ ಇದೇ, ಅದೂ ನಮ್ಮ ಕಾಲ ಕೆಳಗಿನ ಕಲ್ಲಿನಲ್ಲಿ. ಈ ಲೆಕ್ಕದಲ್ಲಿ ಲವಣ ಕರಗಿ ಕೊಡುವ ಕ್ಯಾಲ್ಸಿಯಂ ಅನ್ನು ನಾವು ಬಿಟ್ಟಿದ್ದೇವೆ. ಅದು 0.066 × 10⁻³, ಮೊದಲಿದ್ದದ್ದು 2.0 × 10⁻³, ಶೇಕಡಾ ಮೂರರಷ್ಟು. ಹಾಗಾಗಿ ಬಿಟ್ಟರೆ ನಡೆಯುತ್ತದೆ. ಮೊದಲಿದ್ದ ಕ್ಯಾಲ್ಸಿಯಂ 12 ಮಿಲಿಗ್ರಾಂನಷ್ಟು ಕಡಿಮೆಯಿದ್ದರೆ ಹೀಗೆ ಬಿಡಲಾಗದು. ಬಿಟ್ಟ ಮೇಲೆ ಹಿಂದಿರುಗಿ ಹೋಲಿಸಿ ನೋಡುವುದನ್ನು ನಾನು ಒಂದು ಹೆಚ್ಚುವರಿ ಸಾಲಾಗಿ ಬರೆಸುತ್ತೇನೆ.

ಸುಣ್ಣ ಕಾರ್ಬೋನೇಟ್ ಎಬ್ಬಿಸುತ್ತದೆಂದು ತಿಳಿದ ಮೇಲೆ ಆ ಹುಡುಗಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕೋಣ ಅಂದಳು. 0.004 ಮೋಲಾರ್ ದ್ರಾವಣ 500 ಮಿಲಿ, ಬೋರಿನ ನೀರು 500 ಮಿಲಿ. ಅವಕ್ಷೇಪ ಬರುತ್ತದೆಯೇ, ಮೊದಲು ಲೆಕ್ಕ ಮಾಡಿ ಹೇಳಿ ಎಂದೆ. ಒಬ್ಬ ಥಟ್ಟನೆ ಮಾಡಿದ: 4.3 × 10⁻³ ಗುಣಿಸು 3.16 × 10⁻⁴ರ ವರ್ಗ, 4.3 × 10⁻¹⁰. "Kspಗಿಂತ ಹನ್ನೆರಡು ಪಟ್ಟು ಅದರಿ ಸರ್, ಬಂದೇ ಬರತದ." ಎರಡೂ ದ್ರಾವಣ ಬೆರೆತ ಮೇಲೆ ಒಂದು ಲೀಟರ್ ಆಗುತ್ತದೆ, ಎರಡರ ಸಾರತೆಯೂ ಅರ್ಧಕ್ಕಿಳಿಯುತ್ತದೆ ಎಂಬುದನ್ನು ಅವನು ಮರೆತಿದ್ದ. ಕ್ಯಾಲ್ಸಿಯಂ 2.15 × 10⁻³, ಫ್ಲೋರೈಡ್ 1.58 × 10⁻⁴.

```
Q = (2.15 × 10⁻³)(1.58 × 10⁻⁴)² = 5.4 × 10⁻¹¹
```

ಅರ್ಧವೊಂದು ಕ್ಯಾಲ್ಸಿಯಂಗೆ, ಇನ್ನೆರಡು ಅರ್ಧ ಫ್ಲೋರೈಡಿನ ವರ್ಗಕ್ಕೆ: ಒಟ್ಟು ಎಂಟು ಪಟ್ಟು ಇಳಿಕೆ. ಸಿಲ್ವರ್ ಕ್ಲೋರೈಡಿನಲ್ಲಾದರೆ ನಾಲ್ಕೇ ಪಟ್ಟು ಇಳಿಯುತ್ತಿತ್ತು. ಬೆರೆಸುವ ಲೆಕ್ಕಗಳಲ್ಲಿ ಮಕ್ಕಳು ಅತಿ ಹೆಚ್ಚು ಅಂಕ ಕಳೆದುಕೊಳ್ಳುವುದು ಇಲ್ಲೇ.

Q ಇನ್ನೂ Kspಗಿಂತ ಮೇಲಿದೆ, ಆದ್ದರಿಂದ "ಅವಕ್ಷೇಪ ಬರುತ್ತದೆ" ಎಂದು ಬರೆದೆವು. ಬೆರೆಸಿದೆವು. ಏನೂ ಬರಲಿಲ್ಲ. ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿದರೂ ನೀರು ತಿಳಿಯಾಗಿಯೇ ಇತ್ತು.

ಇದು ಏಕೆ ಎಂದು ಹುಡುಕಲು ನನಗೆ ಒಂದು ಸಂಜೆ ಹಿಡಿಯಿತು. ಮೊದಲನೆಯದು, ಬಂದರೂ ಎಷ್ಟು ಬರಬೇಕು? ಕ್ಯಾಲ್ಸಿಯಂ 2.15 × 10⁻³ ಇದ್ದಾಗ ಫ್ಲೋರೈಡ್ 1.28 × 10⁻⁴ ತನಕ ನಿಲ್ಲುತ್ತದೆ. 1.58ರಿಂದ 1.28ಕ್ಕೆ ಇಳಿಯಲು ಬೀಳಬೇಕಾದ ಗಸಿ ಲೀಟರಿಗೆ 1.2 ಮಿಲಿಗ್ರಾಂ. ಅದು ಕಣ್ಣಿಗೆ ಕಾಣುವುದೇ ಕಷ್ಟ. ಎರಡನೆಯದು ಇನ್ನೂ ಮುಖ್ಯ. ನೀರಲ್ಲಿ ಬೇರೆ ಅಯಾನುಗಳೂ ಇರುತ್ತವೆ. ಅವು ಕ್ಯಾಲ್ಸಿಯಂ, ಫ್ಲೋರೈಡ್‌ಗಳನ್ನು ಸುತ್ತುವರಿದು ಅವುಗಳ ಪರಿಣಾಮವನ್ನು ತಗ್ಗಿಸುತ್ತವೆ, ಎರಡು ಚಾರ್ಜಿನ ಕ್ಯಾಲ್ಸಿಯಂ ಅನ್ನಂತೂ ಹೆಚ್ಚು. ನಮ್ಮ ಮಿಶ್ರಣದಂಥ ನೀರಿನಲ್ಲಿ ಈ ಕಾರಣಕ್ಕೆ ನಿಜವಾದ Q ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 5.4 ಹೋಗಿ 2.9ರ ಸುತ್ತ ಬಂತು, Kspಗಿಂತ ಕೆಳಗೆ. ಅವಕ್ಷೇಪ ಬರಬೇಕಾದ್ದೇ ಇರಲಿಲ್ಲ. ಪಿಯು ಲೆಕ್ಕದಲ್ಲಿ ಸಾರತೆಯನ್ನೇ ಹಾಕುತ್ತೇವೆ, ಸರಿ. ಆದರೆ Q ಮತ್ತು Ksp ನಡುವೆ ಎರಡು ಪಟ್ಟೂ ಅಂತರವಿಲ್ಲದಿದ್ದರೆ ಆ ಉತ್ತರವನ್ನು ಬೀಕರಿನ ಮುಂದೆ ಗಟ್ಟಿಯಾಗಿ ಹೇಳಬಾರದು ಎಂದು ಅಂದಿನಿಂದ ಕಲಿಸುತ್ತಿದ್ದೇನೆ. ಇನ್ನು, ಆ ನೀರಲ್ಲಿ ಫ್ಲೋರೈಡ್ 6ರಿಂದ 3ಕ್ಕೆ ಇಳಿದಿತ್ತು, ನಿಜ; ಅದು ನೀರು ಬೆರೆಸಿದ್ದರಿಂದ, ಕ್ಯಾಲ್ಸಿಯಂನಿಂದ ಅಲ್ಲ.

ಅವಳ ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿಯಿತ್ತು. ಫ್ಲೋರೈಡ್ 1.5 ಮಿಲಿಗ್ರಾಂಗೆ, ಅಂದರೆ 7.9 × 10⁻⁵ ಮೋಲ್‌ಗೆ ಇಳಿಯಬೇಕಾದರೆ ನೀರಲ್ಲಿ ಕ್ಯಾಲ್ಸಿಯಂ ಎಷ್ಟು ಉಳಿದಿರಬೇಕು? Kspಯನ್ನು ಅದರ ವರ್ಗದಿಂದ ಭಾಗಿಸಿದರೆ 5.6 × 10⁻³ ಮೋಲ್, ಲೀಟರಿಗೆ ಸುಮಾರು 225 ಮಿಲಿಗ್ರಾಂ. ಕುಡಿಯುವ ನೀರಿಗೆ ಕ್ಯಾಲ್ಸಿಯಂನ ಮೇಲಿನ ಮಿತಿಯೇ 200. 1 ಮಿಲಿಗ್ರಾಂಗೆ ಇಳಿಸಲು 500 ದಾಟುತ್ತದೆ. ಅಂಥ ನೀರಲ್ಲಿ ಬೇಳೆಯೂ ಬೇಯುವುದಿಲ್ಲ. ಕ್ಯಾಲ್ಸಿಯಂ ಒಂದರಿಂದಲೇ ಫ್ಲೋರೈಡನ್ನು ಕುಡಿಯುವ ಮಟ್ಟಕ್ಕೆ ತರಲಾಗದು ಎಂಬುದನ್ನು Kspಯೇ ಹೇಳಿತು. ನೀರಿನಿಂದ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದಲ್ಲಿ ಸುಣ್ಣದ ಜೊತೆ ಪಟಕಾರ ಹಾಕುವುದು ಇದಕ್ಕೇ: ಅಲ್ಲಿ ಏಳುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಹಿಂಜಿದ ಹತ್ತಿಯಂಥ ಮುದ್ದೆಗೆ ಫ್ಲೋರೈಡ್ ಅಂಟಿಕೊಂಡು ಇಳಿಯುತ್ತದೆ. ಅದು ಬೇರೆ ಬಗೆಯ ಕೆಲಸ, ಈ Q–Ksp ಲೆಕ್ಕಕ್ಕೆ ಸಿಗುವುದಿಲ್ಲ.

ಆ ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. "ಸರ್, ಹಂಗಾದ್ರ ನಮ್ಮೂರ ನೀರು, ನಮ್ಮ ಸೋದರಮಾವನ ಊರು ಶಹಾಬಾದ್ ಕಡೀ ನೀರು ಕೂಡಿಸಿದ್ರ?" ಆ ಪ್ರಶ್ನೆಯನ್ನೇ ಈಗ ಪ್ರತಿ ವರ್ಷ ಕಿರುಪರೀಕ್ಷೆಯಲ್ಲಿ ಕೊಡುತ್ತೇನೆ. ಒಂದು ನೀರಲ್ಲಿ ಕ್ಯಾಲ್ಸಿಯಂ 12, ಫ್ಲೋರೈಡ್ 6; ಇನ್ನೊಂದರಲ್ಲಿ ಕ್ಯಾಲ್ಸಿಯಂ 80, ಫ್ಲೋರೈಡ್ 0.5, ಸಮ ಪ್ರಮಾಣದಲ್ಲಿ ಬೆರೆಸಿ. ಬೆರೆತ ನೀರಿಗೆ ಸರಾಸರಿ ತೆಗೆಯದೆ 80 ಮತ್ತು 6ನ್ನು ಹಾಗೇ ಹಾಕಿದವರಿಗೆ Q 2 × 10⁻¹⁰ ಬಂದು ಅವಕ್ಷೇಪ ಸಿಗುತ್ತದೆ. ಸರಾಸರಿ ತೆಗೆದವರಿಗೆ ಕ್ಯಾಲ್ಸಿಯಂ 46, ಫ್ಲೋರೈಡ್ 3.25, Q 3.4 × 10⁻¹¹. Kspಗಿಂತ ಕೂದಲೆಳೆಯಷ್ಟು ಕೆಳಗೆ. "ಅವಕ್ಷೇಪ ಇಲ್ಲ" ಎಂದು ಬರೆದು, ಅದರ ಕೆಳಗೆ "ಫ್ಲೋರೈಡ್ ಇನ್ನೂ 3.25 ಇದೆ, ಕುಡಿಯಬಾರದು" ಎಂದು ಬರೆದವರಿಗೆ ಪೂರ್ತಿ ಅಂಕ.