ತೀರಿಸಿದ ಸಾಲ, ಆದರೂ ಸುಸ್ತಿ: ಎರಡನೇ ಪತ್ರಕ್ಕೆ ಕೆಲಸ ಆಯಿತು

"ಬ್ಯೂರೋದಲ್ಲಿ ಒಮ್ಮೆ ಸುಸ್ತಿ ಅಂತ ಬಿದ್ದರೆ ಮುಗೀತು ಮಾರಾಯ, ಸುಮ್ನೆ ಓಡಾಡಬೇಡ." ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಹೀಗಂದವರೇ ಜಾಸ್ತಿ. ಬ್ಯೂರೋ ಅಂದರೆ ಎಲ್ಲರ ಸಾಲದ ಲೆಕ್ಕ ಇಟ್ಟು ಬ್ಯಾಂಕುಗಳಿಗೆ ವರದಿ, ಸ್ಕೋರು ಕೊಡುವ ಕಂಪನಿ. ಸರಿಯಾದ ಪತ್ರ ಕೊಟ್ಟ ಮೇಲೆ ನನ್ನ ಸುಸ್ತಿ 47 ದಿನಕ್ಕೆ ಹೋಯಿತು.

2016ರಲ್ಲಿ ಟಿಲ್ಲರ್‌ಗೆ ಸುಮಾರು 1,80,000 ಸಾಲ ಮಾಡಿದ್ದೆ. 2020ರಲ್ಲಿ ಅಡಿಕೆ ಮಾರಿದ ದುಡ್ಡಲ್ಲಿ ಪೂರ್ತಿ ಕಟ್ಟಿ, ಬಾಕಿ ಇಲ್ಲ ಅನ್ನುವ ಎನ್‌ಒಸಿ ತಂದೆ. 2024ರಲ್ಲಿ ಅಡಿಕೆ ಒಣಗಿಸುವ ಶೆಡ್‌ಗೆ ಬೇರೆ ಬ್ಯಾಂಕಿಗೆ ಅರ್ಜಿ ಹಾಕಿದಾಗ ಮ್ಯಾನೇಜರ್ ಬ್ಯೂರೋ ವರದಿ ತಿರುಗಿಸಿ ತೋರಿಸಿದರು. ಬಾಕಿ 1,12,000 ಚಿಲ್ಲರೆ. ಎಷ್ಟು ದಿನ ವಿಳಂಬ ಅಂತ ತೋರಿಸುವ ತಿಂಗಳ ಮನೆಗಳಲ್ಲೆಲ್ಲ ಸಾಲಾಗಿ 900. ಸ್ಕೋರು 580ರ ಆಸುಪಾಸು.

ಶಾಖೆಗೆ ಮೂರು ಸಲ ಹೋದೆ. ಬಾಯಿಮಾತಿಗೆ ಬಾಯಿಮಾತೇ ಉತ್ತರ. ಬ್ಯೂರೋಗೆ ಆನ್‌ಲೈನ್‌ನಲ್ಲಿ ಎರಡು ಸಲ ದೂರು ಹಾಕಿದೆ. ಎರಡೂ ಸಲ "ಮಾಹಿತಿ ಸರಿ ಇದೆ ಎಂದು ಬ್ಯಾಂಕ್ ತಿಳಿಸಿದೆ" ಅಂತ ಬಂತು. ಬ್ಯಾಂಕ್ ಒಪ್ಪದೆ ಬ್ಯೂರೋ ಒಂದು ಅಂಕಿಯನ್ನೂ ಮುಟ್ಟುವಂತಿಲ್ಲ. ದೂರು ಬ್ಯಾಂಕಿನ ಕೇಂದ್ರ ಕಚೇರಿಗೆ ಹೋಗುತ್ತದೆ, ಅಲ್ಲಿಯವರು ಅದೇ ತಪ್ಪು ಕಡತ ನೋಡಿ ಸರಿ ಅನ್ನುತ್ತಾರೆ. ಶಿವಮೊಗ್ಗದ ಒಬ್ಬ ಏಜೆಂಟ್ 6,000 ಕೇಳಿದ. ಕೊಡಲಿಲ್ಲ. ಅವನೂ ಹಾಕುವುದು ಅದೇ ಆನ್‌ಲೈನ್ ದೂರು ತಾನೇ?

ತಪ್ಪಿನ ಬೇರು ಸಿಕ್ಕಿದ್ದು ಒಂದು ಮಳೆಗಾಲದ ರಾತ್ರಿ. ಎನ್‌ಒಸಿಗೆ ಬೂಸ್ಟು ಹಿಡಿದು ಸೀಲು, ಖಾತೆ ಸಂಖ್ಯೆ ಮಾತ್ರ ಉಳಿದಿದ್ದವು. ಅದರಲ್ಲಿದ್ದ ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ವರದಿಯಲ್ಲಿದ್ದ ಸುಸ್ತಿ ಖಾತೆಯದ್ದಲ್ಲ! ವರದಿಯನ್ನು ಮತ್ತೆ ಓದಿದೆ. ಒಂದೇ ತಾರೀಖು, ಒಂದೇ ಮಂಜೂರಾತಿ ಮೊತ್ತ, ಆದರೆ ಸಾಲ ಎರಡು. ಒಂದು ಮುಕ್ತಾಯ, ಇನ್ನೊಂದು ಸುಸ್ತಿ. 2018ರಲ್ಲಿ ಬ್ಯಾಂಕಿನವರು ಕಂಪ್ಯೂಟರ್ ವ್ಯವಸ್ಥೆ ಬದಲಿಸಿ ಹೊಸ ಖಾತೆ ಸಂಖ್ಯೆ ಕೊಟ್ಟಿದ್ದರು. ನಾನು ಹೊಸದಕ್ಕೆ ಕಟ್ಟುತ್ತಾ ಹೋದೆ. ಹಳೆಯದನ್ನು ಯಾರೂ ಮುಚ್ಚಲಿಲ್ಲ.

ಬ್ಯಾಂಕಿಗೆ ಕೊಟ್ಟ ಮೊದಲ ಪತ್ರದಲ್ಲಿ "ಸಾಲ ತೀರಿದೆ, ಸರಿಪಡಿಸಿ" ಅಂತ ಬರೆದು ಕೆಟ್ಟೆ. ಅವರು ಹಳೆ ಖಾತೆಯ ಬಾಕಿಯನ್ನು ಸೊನ್ನೆ ಮಾಡಿ ಮುಕ್ತಾಯ ಅಂತ ಹಾಕಿದರು, ಅಷ್ಟೇ. 900ರ ಸಾಲು ಹಾಗೇ ಉಳಿಯಿತು. ಸ್ಕೋರು ಹೆಚ್ಚೆಂದರೆ ಹತ್ತು ಅಂಕ ಏರಿತು. ಮ್ಯಾನೇಜರ್ ಮತ್ತೆ ತಲೆ ಅಲ್ಲಾಡಿಸಿದರು.

ಆಗಸ್ಟ್‌ನಲ್ಲಿ ಎರಡನೇ ಪತ್ರ. ಅದರ ಹೊಟ್ಟೆ ಇಷ್ಟು:

"ಈ ಎರಡು ಖಾತೆಗಳು ಒಂದೇ ಸಾಲ. ಹಳೆ ಖಾತೆಯ ಕೊನೆಯ ಬಾಕಿ ಮತ್ತು ಅದೇ ದಿನ ಹೊಸ ಖಾತೆಯ ಆರಂಭದ ಬಾಕಿ ಒಂದೇ ಮೊತ್ತ. ಎರಡರ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಹಳೆ ಖಾತೆಯ ದಾಖಲೆಯನ್ನು ತಿಂಗಳವಾರು ವಿಳಂಬದ ವಿವರ ಸಮೇತ ಪೂರ್ತಿ ತೆಗೆದುಹಾಕಿ. ಬರೀ ಬಾಕಿ ಸೊನ್ನೆ ಮಾಡುವುದು ಸಾಲದು. ಒಪ್ಪದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಿ. 30 ದಿನ ದಾಟಿದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುತ್ತೇನೆ."

ಒಂದೇ ತಾರೀಖಿನಲ್ಲಿ ಶಾಖೆಗೆ, ದೂರು ವಿಚಾರಿಸುವ ಬ್ಯಾಂಕಿನ ನೋಡಲ್ ಅಧಿಕಾರಿಗೆ, ಬ್ಯೂರೋಗೆ ಮೂರು ಪ್ರತಿ. ಬ್ಯೂರೋ ಪ್ರತಿಯಲ್ಲಿ ವರದಿಯ ಕಂಟ್ರೋಲ್ ನಂಬರ್ ಬರೆದೆ. ಶಾಖೆಯ ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೆ. ದಿನ ಎಣಿಸಲು ಅದೇ ಆಧಾರ. ಮೊದಲ 21 ದಿನ ಬ್ಯಾಂಕಿನದು; ಅಷ್ಟರೊಳಗೆ ಅವರು ಬ್ಯೂರೋಗೆ ತಿದ್ದುಪಡಿ ಕಳಿಸದೆ ತಡವಾದರೆ ಪರಿಹಾರ ಬ್ಯಾಂಕಿನ ತಲೆಗೆ. ಬ್ಯಾಂಕ್ ಕಳಿಸಿಯೂ ಬ್ಯೂರೋ ತಡಮಾಡಿದರೆ ಬ್ಯೂರೋ ತಲೆಗೆ. ಲಗತ್ತುಗಳನ್ನು ಯಾವ ಕ್ರಮದಲ್ಲಿ ಪೋಣಿಸಿದೆ ಅನ್ನುವುದು ಮಾತ್ರ ನನ್ನ ಬಳಿಯೇ ಇರಲಿ. ನಮ್ಮೂರ ಇನ್ನಿಬ್ಬರಿಗೆ ಬರೆದುಕೊಟ್ಟು ನೋಡುತ್ತಿದ್ದೇನೆ.

ನಡುವೆ ಇನ್ನೊಂದು ಕೆಲಸವನ್ನೂ ಮಾಡಿದೆ. ಬ್ಯೂರೋ ನಾಲ್ಕಿವೆ, ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿ ಪುಕ್ಕಟೆ ಕೊಡುತ್ತದೆ. ಎಲ್ಲವನ್ನೂ ತರಿಸಿದೆ. ಒಂದರಲ್ಲಿ ಹಳೆ ಖಾತೆಯೇ ಇರಲಿಲ್ಲ. ಅದನ್ನೂ ಲಗತ್ತಿಸಿದೆ. ಇನ್ನೊಂದರಲ್ಲಿ ಅದೇ ತಪ್ಪಿತ್ತು, ಅವರಿಗೂ ಒಂದು ಪ್ರತಿ ಕಳಿಸಬೇಕಾಯಿತು.

31ನೇ ದಿನದವರೆಗೂ ಉತ್ತರವಿಲ್ಲ. ಅವತ್ತೇ `cms.rbi.org.in`ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಿ, ಸೀಲು ಬಿದ್ದ ಪ್ರತಿ ಸೇರಿಸಿದೆ. ಎರಡು ವಾರದಲ್ಲಿ ಶಾಖೆಯಿಂದಲೇ ಫೋನು. ಈ ಸಲ "ಬನ್ನಿ, ಕೂತ್ಕೊಳ್ಳಿ" ಅಂದರು.

ಒಟ್ಟು ಖರ್ಚು ಜೆರಾಕ್ಸ್, ಅಂಚೆ, ಬಸ್ಸು ಸೇರಿ 900 ದಾಟಿಲ್ಲ. ಪರಿಹಾರ 1,700 ಖಾತೆಗೆ ಬಂತು. ಮುಂದಿನ ವರದಿಯಲ್ಲಿ ಟಿಲ್ಲರ್ ಸಾಲ ಒಂದೇ ಒಂದು, ಮುಕ್ತಾಯ ಅಂತ. ಸ್ಕೋರು 730 ದಾಟಿತ್ತು. ಅಡಿಕೆ ಕೊಯ್ಲಿಗೆ ಮೊದಲೇ ಶೆಡ್‌ನ ಕಂಬ ನಿಂತವು.