ಅರಬ್ಬಿಯ ನಾಲ್ಕು ಗಂಟಲಕ್ಷರಗಳು: ಗಲ್ಫ್ ಕನ್ನಡಿಗರಿಗೆ ಉಚ್ಚಾರದ ಅಭ್ಯಾಸ

ಗಲ್ಫಿಗೆ ಬಂದ ಕನ್ನಡಿಗರಿಗೆ ಅರಬ್ಬಿ ಪದಗಳ ಬರ ಇರುವುದಿಲ್ಲ. ಖಲಾಸ್, ಕುಬ್ಬೂಸ್, ಮಾಲೂಂ ಎಲ್ಲ ಬಂದ ಹೊಸತರಲ್ಲೇ ಬಾಯಿಗೆ ಹತ್ತುತ್ತವೆ. ಸೈಟು, ಅಂಗಡಿ, ಅಡುಗೆಮನೆಗಳಲ್ಲಿ ನಡೆಯುವ ಆ ಬೆರಕೆ ಮಾತಿನಲ್ಲಿ ಗಂಟಲಿನ ಅಕ್ಷರಗಳನ್ನು ಯಾರೂ ಸರಿಯಾಗಿ ಆಡುವುದಿಲ್ಲ, ಅರಬರೂ ಅದಕ್ಕೆ ಒಗ್ಗಿಹೋಗಿದ್ದಾರೆ. ತೊಡಕು ಎದುರಾಗುವುದು ಕೈಸನ್ನೆ ಕೆಲಸಕ್ಕೆ ಬಾರದ ಕಡೆ: ಫೋನಿನಲ್ಲಿ ನಂಬರ್ ಹೇಳುವಾಗ, ಕೌಂಟರಿನಲ್ಲಿ ಯಾರದೋ ಹೆಸರು ಕೂಗುವಾಗ, ಮಗಳ ಅರಬ್ಬಿ ಪಾಠ ಕೇಳಿಸಿಕೊಳ್ಳುವಾಗ.

ನಮ್ಮನ್ನು ಕಾಡುವ ಅಕ್ಷರಗಳು ನಾಲ್ಕು: ಖಾ, ಘಯ್ನ್, ಗಟ್ಟಿ ಹಾ, ಅಯ್ನ್. (ಅರಬ್ಬಿಯಲ್ಲಿ ನಮ್ಮ ಹಕಾರಕ್ಕೆ ಹತ್ತಿರದ ಇನ್ನೊಂದು ಮೆದು ಹಾ ಇದೆ, ಆದ್ದರಿಂದ ಇದನ್ನು ಗಟ್ಟಿ ಹಾ ಎನ್ನುತ್ತಿದ್ದೇನೆ.) ನಾಲ್ಕಾದರೂ ಕಲಿಯಬೇಕಾದ ಜಾಗಗಳು ಎರಡೇ. ಖಾ ಮತ್ತು ಘಯ್ನ್ ಒಂದೇ ಜಾಗದಲ್ಲಿ ಹುಟ್ಟುತ್ತವೆ, ಗಟ್ಟಿ ಹಾ ಮತ್ತು ಅಯ್ನ್ ಅದಕ್ಕಿಂತ ಕೆಳಗೆ ಇನ್ನೊಂದೇ ಜಾಗದಲ್ಲಿ. ಪ್ರತಿ ಜೋಡಿಯಲ್ಲಿ ಮೊದಲನೆಯದು ಬರೀ ಉಸಿರು, ಎರಡನೆಯದು ಅದೇ ಉಸಿರಿಗೆ ದನಿ ಸೇರಿದ್ದು. ಕುತ್ತಿಗೆಯ ಗುಬುಟಿನ ಮೇಲೆ ಬೆರಳಿಟ್ಟರೆ ದನಿ ಇದೆಯೋ ಇಲ್ಲವೋ ತಿಳಿಯುತ್ತದೆ, ಇದ್ದರೆ ಬೆರಳ ತುದಿ ನಡುಗುತ್ತದೆ. ಇಲ್ಲಿ ಖ಼, ಘ಼, ಹ಼ ಎಂದು ನುಕ್ತಾ ಹಾಕಿ ಬರೆಯುತ್ತೇನೆ, ಅಯ್ನ್‌ಗೆ ’ ಗುರುತು.

ನಮ್ಮ ವ್ಯಾಕರಣ ಕ ಖ ಗ ಘ ಗಳನ್ನು ಕಂಠ್ಯ ಎಂದು ಕರೆಯುತ್ತದಲ್ಲ, ಆ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಕಕಾರ ಹುಟ್ಟುವುದು ನಾಲಗೆಯ ಹಿಂಭಾಗ ಮೇಲಿನ ಮೆದು ಅಂಗಳಕ್ಕೆ ತಾಗಿದಾಗ. ಗಂಟಲು ಅದಕ್ಕಿಂತ ಹಿಂದೆ, ಕೆಳಗೆ. ಕಿ, ಕೆ, ಕಾ, ಕೊ ಎಂದು ನಿಧಾನವಾಗಿ ಹೇಳಿ ನೋಡಿ. ನಾಲಗೆ ತಾಗುವ ಜಾಗ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಸರಿಯುತ್ತದೆ. ಕೊ ಎನ್ನುವಾಗ ತಾಗುವ ಜಾಗಕ್ಕಿಂತ ಇನ್ನೊಂಚೂರು ಹಿಂದೆ, ಕಿರುನಾಲಗೆಯ ಹತ್ತಿರ, ಖಾ ಇದೆ.

ಅಲ್ಲಿ ಕ ಹೇಳಹೊರಟು, ನಾಲಗೆಯನ್ನು ಪೂರ್ತಿ ಮುಚ್ಚದೆ ಸಣ್ಣ ಸಂದು ಬಿಟ್ಟು ಉಸಿರು ಹಾಯಿಸಿದರೆ ಖಾ ಬಂತು. ವೇದಪಾಠ ಕೇಳಿದವರಿಗೆ ಇದು ಹೊಸದಲ್ಲ. ಸಂಸ್ಕೃತದಲ್ಲಿ ಕ, ಖ ಗಳ ಹಿಂದೆ ಬರುವ ವಿಸರ್ಗಕ್ಕೆ ಜಿಹ್ವಾಮೂಲೀಯ ಎಂಬ ಹೆಸರಿದೆ, ಅದನ್ನು ಬರೆಯಲು ಕನ್ನಡ ಲಿಪಿಯಲ್ಲಿ ಬೇರೆ ಚಿಹ್ನೆಯೇ ಇದೆ. ‘ದುಃಖ’ ಎಂಬುದನ್ನು ‘ದುಕ್ಖ’ ಮಾಡದೆ ವಿಸರ್ಗದಲ್ಲೇ ಸ್ವಲ್ಪ ಹೊತ್ತು ನಿಂತರೆ ನಾಲಗೆಯ ಬುಡದಲ್ಲಿ ಉಸಿರು ಉಜ್ಜುವುದು ತಿಳಿಯುತ್ತದೆ. ಅದನ್ನು ಒಂದು ಕೂದಲೆಳೆ ಹಿಂದಕ್ಕೆ ತಳ್ಳಿ. ದಖನಿ ಉರ್ದು ಬಲ್ಲವರಿಗಂತೂ ಖ಼ ಆಗಲೇ ಬಾಯಲ್ಲಿದೆ. ಅವರು ಜಾಗ್ರತೆ ಮಾಡಬೇಕಾದ್ದು ಬೇರೆ: ದಖನಿಯಲ್ಲಿ ಆಳದ ಕಕಾರವಾದ ಖಾಫ್ ಎಂಬ ಬೇರೆ ಅಕ್ಷರವೂ ಖ಼ ಆಗಿಬಿಡುತ್ತದೆ, ಅರಬ್ಬಿಯಲ್ಲಿ ಅವೆರಡನ್ನು ಬೆರೆಸುವಂತಿಲ್ಲ.

ಸರಿಯಾಗಿದೆಯೇ ಎಂದು ನೋಡಲು ಅಕ್ಷರವನ್ನು ಎಳೆದು ನೋಡಿ. ನಮ್ಮ ಖಕಾರ ಒಮ್ಮೆ ಸಿಡಿದು ಮುಗಿಯುತ್ತದೆ, ಎಳೆಯಲು ಬರುವುದಿಲ್ಲ. ಖ಼ ಉಸಿರು ಇರುವಷ್ಟು ಹೊತ್ತು ಎಳೆಯುತ್ತದೆ. ಕಫ ಕ್ಯಾಕರಿಸುವ ಸದ್ದು ಬಂದರೆ ಒತ್ತಡ ಹೆಚ್ಚಾಗಿದೆ ಎಂದರ್ಥ. ಹೊಸಬರು ಮಾಡುವ ಅತಿರೇಕ ಇದೇ, ಅರಬರ ಖ಼ ಅಷ್ಟು ಒರಟಲ್ಲ.

ಖ಼ ಎಳೆಯುತ್ತಲೇ ದನಿ ಸೇರಿಸಿದರೆ ಘಯ್ನ್. ಖ಼ಖ಼ಖ಼ಘ಼ಘ಼ಘ಼ ಎಂದು ಒಂದೇ ಉಸಿರಿನಲ್ಲಿ, ನಾಲಗೆ ಅಲ್ಲಾಡಿಸದೆ, ಹೋಗಿ ಬನ್ನಿ. ದನಿ ಹಾಕಿದ ಕೂಡಲೇ ನಾಲಗೆ ಅಂಗಳಕ್ಕೆ ಅಂಟಿ ಗ ಆಗಿಬಿಡುವುದು ಇಲ್ಲಿನ ಮುಖ್ಯ ಕಾಟ. ಆಗ ಒಂದು ಗುಟುಕು ನೀರು ತೆಗೆದುಕೊಂಡು, ತಲೆ ಹಿಂದಕ್ಕೆ ಬಾಗಿಸಿ ಗಂಟಲಲ್ಲಿ ಗಳಗಳ ಮಾಡಿ, ನೀರು ಉಗಿದು ಅದೇ ಕೆಲಸವನ್ನು ಒಣಗಂಟಲಲ್ಲಿ ಮೆಲ್ಲಗೆ ಮಾಡಿ. ಕಿರುನಾಲಗೆ ಪಟಪಟ ಬಡಿದುಕೊಳ್ಳಬಾರದು, ಉಜ್ಜಿದರೆ ಸಾಕು.

ಗ ಆದರೆ ಏನಾಯಿತು ಎಂದು ಕೇಳಬಹುದು. ಪುಸ್ತಕದ ಅರಬ್ಬಿಯ ಖಾಫ್ ಗಲ್ಫಿನ ಆಡುಮಾತಿನಲ್ಲಿ ಸಾಮಾನ್ಯವಾಗಿ ಗ ಆಗುತ್ತದೆ. ಹತ್ತಿರ ಎನ್ನಲು ‘ಖರೀಬ್’ ಎಂದು ಓದುವ ಪದವನ್ನು ಇಲ್ಲಿನವರು ‘ಗರೀಬ್’ ಎನ್ನುತ್ತಾರೆ. ಘಯ್ನ್ ಹಾಕಿ ‘ಘ಼ರೀಬ್’ ಎಂದರೆ ವಿಚಿತ್ರ, ಅಪರಿಚಿತ. ಬಿಲ್ಲಿನಲ್ಲಿ ಏನೋ ವಿಚಿತ್ರ ಕಂಡು ನೀವು ‘ಗರೀಬ್’ ಎಂದರೆ ಎದುರಿನವನಿಗೆ ಕೇಳಿಸುವುದು ‘ಹತ್ತಿರ’. ಈ ಎರಡು ಪದಗಳನ್ನು ಬೆನ್ನುಬೆನ್ನಿಗೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾವುದು ಯಾವುದೆಂದು ಮರುದಿನ ನಿಮಗೇ ಗೊತ್ತಾಗದಿದ್ದರೆ ಘಯ್ನ್ ಇನ್ನೂ ಬಂದಿಲ್ಲ.

ಈಗ ಕೆಳಗಿನ ಜಾಗ. ಗಟ್ಟಿ ಹಾ ಹೇಳಲು ಕನ್ನಡದ ಹಕಾರದಿಂದ ಹೊರಡಬೇಡಿ. ಸ್ವರಗಳ ನಡುವೆ ಬಂದಾಗ ನಮ್ಮ ಹ ದನಿ ಬೆರೆಸಿಕೊಳ್ಳುತ್ತದೆ, ‘ಮಹಾ’ ಎನ್ನುವಾಗ ಗುಬುಟಿನ ಮೇಲಿನ ಬೆರಳು ಒಮ್ಮೆಯೂ ನಿಲ್ಲದೆ ನಡುಗುತ್ತದೆ. ಹಳೇ ಮೈಸೂರಿನ ಕಡೆಯವರಲ್ಲಿ ‘ಓಗು, ಆಲು’ ಎನ್ನುವವರಿಗೆ ಇನ್ನೂ ಒಂದು ಮೆಟ್ಟಿಲು ಜಾಸ್ತಿ. ವಿಸರ್ಗದಿಂದ ಹೊರಡುವುದು ಸುಲಭ. ‘ನಮಃ’ ಎನ್ನಿ, ಕೊನೆಗೆ ‘ಹ’ ಎಂದು ಮರುದನಿ ಕೊಡದೆ ಬರೀ ಉಸಿರಲ್ಲಿ ನಿಲ್ಲಿಸಿ. ಈಗ ಕನ್ನಡಕ ಒರೆಸುವ ಮುಂಚೆ ಗಾಜಿಗೆ ಊದುವಂತೆ ಅದನ್ನು ಜೋರು ಪಿಸುಮಾತಾಗಿಸಿ, ಜೊತೆಗೆ ನಾಲಗೆಯ ಬುಡವನ್ನು ಹಿಂದಕ್ಕೆಳೆದು ಗಂಟಲು ಕಿರಿದು ಮಾಡಿ. ಉಸಿರಿನ ಸದ್ದು ಬಿಗಿಯಾಗಿ, ಚೂಪಾಗಿ ಬದಲಾದ ಕ್ಷಣ ಅದು ಹ಼.

ಇಲ್ಲಿ ಜಾರುವುದು ಹೆಚ್ಚಾಗಿ ಖಾ ಕಡೆಗೆ. ‘ಹ಼ಲೀಬ್’ (ಹಾಲು) ಹೇಳಹೋಗಿ ‘ಖ಼ಲೀಬ್’ ಆಗುತ್ತದೆ. ಕನ್ನಡಿ ಹಿಡಿದು ಬಾಯಿ ಅಗಲಿಸಿ ನೋಡಿಕೊಳ್ಳಿ: ಖ಼ ಹೇಳುವಾಗ ನಾಲಗೆಯ ಹಿಂಭಾಗ ಮೇಲೆದ್ದು ಕಿರುನಾಲಗೆಯನ್ನು ಮರೆಮಾಡುತ್ತದೆ, ಹ಼ ಹೇಳುವಾಗ ಅದು ಏಳಬಾರದು. ಮೆದು ಹಾ ಆದರೂ ಅರ್ಥ ಕೆಡುತ್ತದೆ. ‘ನಹ್ರ್’ ನದಿ, ‘ನಹ಼್ರ್’ ಕೊರಳು ಕುಯ್ಯುವುದು.

ಕೊನೆಯದು ಅಯ್ನ್. ಹ಼ ಎಳೆಯುತ್ತಾ, ಗಂಟಲ ಬಿಗಿ ಸಡಿಲಿಸದೆ, ದನಿ ಹಾಕಿ. ಇದು ಸಿಗದಿದ್ದರೆ ಇನ್ನೊಂದು ದಾರಿ: ‘ಆ’ ಎಂದು ಹಾಡುತ್ತಾ ಮಂದ್ರಕ್ಕೆ ಇಳಿಯಿರಿ. ಇನ್ನು ಇಳಿಯಲಾಗದು ಎಂಬಲ್ಲಿಂದ ಮತ್ತೊಂದು ಸ್ವರ ಇಳಿಯಲು ಯತ್ನಿಸಿದರೆ ಗಂಟಲು ತಾನಾಗಿ ಹಿಂಡಿಕೊಳ್ಳುತ್ತದೆ. ಆ ಹಿಂಡಿಕೆಯೇ ಅಯ್ನ್‌ನ ಜಾಗ. ಜಾಗ ಗುರುತಾದ ಮೇಲೆ ಮಾಮೂಲಿ ಶ್ರುತಿಯಲ್ಲಿ ಅದನ್ನೇ ಹಗುರವಾಗಿ ಮಾಡಿ.

ನಾವು ಅಯ್ನ್ ಅನ್ನು ನುಂಗಿಬಿಡುತ್ತೇವೆ, ಇಲ್ಲವೇ ಅದರ ಜಾಗದಲ್ಲಿ ಒಮ್ಮೆ ಉಸಿರು ಕಟ್ಟಿ ನಿಲ್ಲುತ್ತೇವೆ. ಉಸಿರು ಕಟ್ಟುವುದು ಹಮ್ಜಾ ಎಂಬ ಬೇರೆಯೇ ಅಕ್ಷರ. ಹಮ್ಜಾ ಎಳೆಯಲು ಬರುವುದಿಲ್ಲ, ಅಯ್ನ್ ಬರುತ್ತದೆ. ‘ಅಮಲ್’ ಎಂದರೆ ಆಸೆ, ‘’ಅಮಲ್’ ಎಂದರೆ ಕೆಲಸ, ನಮ್ಮ ಅಮಲ್ದಾರರು ಬಂದದ್ದು ಈ ಎರಡನೆಯದರಿಂದ. ನೋವು ಬಂದರೆ ನಿಲ್ಲಿಸಿ ನೀರು ಕುಡಿಯಿರಿ. ಸ್ನಾಯು ದಣಿಯುವುದು ಸಹಜ, ಗಂಟಲು ಕೆರೆಯುವುದು ಒತ್ತಡ ಜಾಸ್ತಿಯಾದ ಲಕ್ಷಣ.

ಅಭ್ಯಾಸಕ್ಕೆ ಅಂಕಿಗಳಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಒಂದರಿಂದ ಹತ್ತರೊಳಗೆ ಘಯ್ನ್ ಬಿಟ್ಟು ಉಳಿದ ಮೂರೂ ಸಿಗುತ್ತವೆ, ದಿನವೂ ಬಳಕೆಗೆ ಬರುತ್ತವೆ. ಯುಎಇಯಲ್ಲಾಗಲಿ ಸೌದಿಯಲ್ಲಾಗಲಿ ಮೊಬೈಲ್ ನಂಬರ್ ಶುರುವಾಗುವುದೇ 05ರಿಂದ. 0, 5, 4, 7, 1, 9 ಎಂದು ಹೇಳಬೇಕೆಂದಿಟ್ಟುಕೊಳ್ಳಿ.

‘ಸಿಫ್ರ್’ ಸಲೀಸು. ‘ಖ಼ಮ್ಸ’ದಲ್ಲಿ ಖ಼ ಮೊದಲಿಗೇ ಬರುವುದರಿಂದ ಬಾಯಿ ತೆರೆಯುವ ಮುಂಚೆ ನಾಲಗೆ ಹಿಂದೆ ಸಿದ್ಧವಾಗಿರಬೇಕು, ಇಲ್ಲವಾದರೆ ‘ಕಂಸ’ ಹುಟ್ಟುತ್ತಾನೆ. ‘ಅರ್ಬ’ಅ’ದಲ್ಲಿ ಅಯ್ನ್ ಎರಡು ಅಕಾರಗಳ ನಡುವೆ ಇದೆ. ಅಯ್ನ್‌ಗೆ ಇದೇ ಅತಿ ಸುಲಭದ ಜಾಗ, ಮೊದಲು ಇದನ್ನೇ ಹಿಡಿಯಿರಿ: ಅಕಾರ ಎಳೆಯುತ್ತಾ ನಡುವೆ ಒಮ್ಮೆ ಗಂಟಲು ಹಿಂಡಿ ಬಿಟ್ಟರೆ ಆಯಿತು. ‘ಸಬ್’ಅ’ ಕಷ್ಟ, ಏಕೆಂದರೆ ಬಕಾರಕ್ಕೆ ತುಟಿ ಮುಚ್ಚಿರುವಾಗಲೇ ಗಂಟಲು ಬಿಗಿಯಬೇಕು. ತಡವಾದರೆ ‘ಸಬ್ಬ’ ಆಗುತ್ತದೆ. ‘ಜುಮ್’ಅ’ ನಮ್ಮೂರಲ್ಲಿ ‘ಜುಮ್ಮಾ’ ಆದದ್ದೂ ಹೀಗೆಯೇ, ಅಯ್ನ್ ಬಿದ್ದ ಜಾಗವನ್ನು ಹಿಂದಿನ ವ್ಯಂಜನ ಒತ್ತಕ್ಷರವಾಗಿ ತುಂಬಿಕೊಂಡಿತು. ಆದ್ದರಿಂದ ರೆಕಾರ್ಡಿಂಗಿನಲ್ಲಿ ಒತ್ತಕ್ಷರ ಕೇಳಿಸಿದರೆ ಅಯ್ನ್ ತಪ್ಪಿದೆ ಎಂದೇ ತಿಳಿಯಿರಿ. ‘ವಾಹ಼ಿದ್’ನಲ್ಲಿ ಹ಼ ಬಂದಾಗ ಬೆರಳಿನಡಿಯ ನಡುಕ ಒಂದು ಕ್ಷಣ ನಿಲ್ಲಬೇಕು. ‘ತಿಸ್’ಅ’ಕ್ಕೂ ಏಳರ ಲೆಕ್ಕವೇ, ‘ತಿಸ್ಸ’ ಆಗಬಾರದು.

ಘಯ್ನ್‌ಗಾಗಿ ‘ಘ಼ಾಲಿ’ (ದುಬಾರಿ), ‘ಘ಼ುರ್ಫ’ (ಕೋಣೆ), ‘ಶುಘ಼ಲ್’ (ಕೆಲಸ) ಇಟ್ಟುಕೊಳ್ಳಿ. ಊರಿನ ಕಚೇರಿ ಕನ್ನಡವೂ ಉಪಯೋಗಕ್ಕೆ ಬರುತ್ತದೆ: ಖಾಲಿ, ತಾರೀಖುಗಳಲ್ಲಿ ಮೂಲದ ಖಾ ಇದೆ, ಹಕ್ಕು, ಹುಕುಂಗಳಲ್ಲಿ ಗಟ್ಟಿ ಹಾ, ಅರ್ಜಿಯಲ್ಲಿ ಅಯ್ನ್. ‘ಗೈರುಹಾಜರಿ’ ಒಂದರಲ್ಲೇ ಘಯ್ನ್ ಮತ್ತು ಗಟ್ಟಿ ಹಾ ಎರಡೂ ಇವೆ. ಗೊತ್ತಿರುವ ಪದಗಳಾದ್ದರಿಂದ ಅರ್ಥ ನೆನಪಿಡುವ ಶ್ರಮವಿಲ್ಲ, ಗಮನವೆಲ್ಲ ಗಂಟಲಿನ ಮೇಲಿಡಬಹುದು.

ಯಾವ ಪದದಲ್ಲಿ ಯಾವ ಅಕ್ಷರ ಎಂದು ತಿಳಿಯಲು ಅರಬ್ ಸಹೋದ್ಯೋಗಿಗಳ ವಾಟ್ಸಾಪ್ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗ ಅವರು ಅಯ್ನ್‌ಗೆ 3, ಗಟ್ಟಿ ಹಾ ಅಕ್ಷರಕ್ಕೆ 7, ಖಾ ಅಕ್ಷರಕ್ಕೆ 5 ಹಾಕುತ್ತಾರೆ. `7aleeb`, `5alas`, `al 3ain` ಹೀಗೆ. ಘಯ್ನ್‌ಗೆ `gh` ಅಥವಾ `3'`. ರಸ್ತೆ ಫಲಕದ ಇಂಗ್ಲಿಷಿನಲ್ಲಿ ಈ ಸುಳಿವು ಸಿಗುವುದಿಲ್ಲ, ಅಲ್ಲಿ ಎರಡೂ ಹಾಗಳಿಗೆ ಒಂದೇ `h`, ಅಯ್ನ್‌ಗೆ ಏನೂ ಇಲ್ಲ.

ಕುವೈತ್, ಬಹರೈನ್ ಕಡೆ ಇರುವವರಿಗೆ ಒಂದು ಮಾತು. ಅಲ್ಲಿನ ಕೆಲವರ ಆಡುಮಾತಿನಲ್ಲಿ ಘಯ್ನ್ ಮತ್ತು ಖಾಫ್ ಅದಲುಬದಲಾಗುತ್ತವೆ. ನೀವು ಕಲಿತ ‘ಘ಼’ ಇರಬೇಕಾದಲ್ಲಿ ಅವರ ಬಾಯಲ್ಲಿ ಆಳದ ಕಕಾರ ಕೇಳಿಸಿದರೆ ನಿಮ್ಮ ಕಿವಿಯನ್ನು ಅನುಮಾನಿಸಬೇಡಿ. ನೀವು ಮಾತ್ರ ಘ಼ ಎಂದೇ ಹೇಳಿ, ಅವರಿಗೆ ಅರ್ಥವಾಗುತ್ತದೆ.